ಟ್ಯಾಲಿ ಮೇಷ್ಟ್ರು

ಪ್ರತಿ ಬಡಾವಣೆಯಲ್ಲೂ ಇಂಥವರೊಬ್ಬರು ಇರುತ್ತಾರೆ. ಪಿಯುಸಿ ಹುಡುಗರಿಗೆ ಅಕೌಂಟೆನ್ಸಿ ಪಾಠ ಹೇಳಿ ನಿವೃತ್ತರಾಗಿರುತ್ತಾರೆ, ಆದರೆ ಹಳೇ ಪ್ರಶ್ನೆಪತ್ರಿಕೆಗಳು ಅವರನ್ನು ಬಿಟ್ಟಿರುವುದಿಲ್ಲ. ಜೇಬಿನಲ್ಲಿ ಪೆನ್ಸಿಲ್ಲು, ಕೈಯಲ್ಲಿ ಸ್ಕೇಲು. ಮದುವೆ ಮನೆಯಲ್ಲಿ ಸಿಕ್ಕರೆ ಊಟ ಆಯಿತಾ ಎನ್ನುವ ಮೊದಲು "ನಿಮ್ಮ ಹುಡುಗ ಕಾಮರ್ಸಾ?" ಎನ್ನುತ್ತಾರೆ. ಹೌದೆಂದರೆ ನಿಮಗೆ ಪಾಯಸ ಸಿಗುವುದಿಲ್ಲ.

ನಮ್ಮ ಪಾಲಿನವರು ಮಹಡಿ ಮೇಲಿದ್ದಾರೆ. ಅಕ್ಕನ ಮಗ ಓದಲು ನಮ್ಮಲ್ಲಿಗೆ ಬಂದಮೇಲೆ ಕೆಳಗೂ ಇದ್ದಾರೆ. ಫೀಸು ಮುಟ್ಟುವುದಿಲ್ಲ, ಕಾಫಿ ಮಾತ್ರ ಎರಡು ಸಲ, ಅದೂ ಸಕ್ಕರೆ ಕಡಿಮೆ.

ಹಳೇ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವ ಹೊಸ ಪಾಲುದಾರನ ಲೆಕ್ಕ ಅವರಿಗೆ ಪಂಚಪ್ರಾಣ. ಎ ಮತ್ತು ಬಿ 3:2ರಲ್ಲಿ ಲಾಭ ಹಂಚಿಕೊಳ್ಳುವವರು. ಬಂಡವಾಳ 60,000 ಮತ್ತು 40,000, ಜನರಲ್ ರಿಸರ್ವ್ 10,000, ಕೊಡಬೇಕಾದ ಸಾಲ 40,000. ಆಸ್ತಿಯ ಕಡೆ ಬ್ಯಾಂಕಿನಲ್ಲಿ 20,000, ಬರಬೇಕಾದ ಬಾಕಿ 30,000, ಸರಕು 40,000, ಯಂತ್ರ 60,000. ಆರನೇ ಒಂದು ಪಾಲಿಗೆ ಸಿ ಬರುತ್ತಾನೆ. 30,000 ಬಂಡವಾಳ, 10,000 ಗುಡ್‌ವಿಲ್ ತರುತ್ತಾನೆ. ಯಂತ್ರದ ಬೆಲೆ 6,000 ಇಳಿಸಬೇಕು, ಸರಕಿನ ಬೆಲೆ 10,000 ಏರಿಸಬೇಕು, ಬಾಕಿಯಲ್ಲಿ ಬಾರದೆ ಹೋಗಬಹುದಾದ್ದಕ್ಕೆಂದು ಶೇಕಡ 5, ಅಂದರೆ 1,500 ತೆಗೆದಿಡಬೇಕು.

ಹುಡುಗ ಮಾಡಿದ. ಜವಾಬ್ದಾರಿಯ ಕಡೆ 1,95,500 ಬಂತು, ಆಸ್ತಿಯ ಕಡೆ 1,92,500. ಈ ಕಾಲದ ಹುಡುಗನಲ್ಲವೇ, ಬ್ಯಾಂಕಿನ 60,000ವನ್ನು ಸದ್ದಿಲ್ಲದೆ 63,000 ಮಾಡಿ, ಕೆಳಗೆ ಜೋಡಿ ಗೆರೆ ಎಳೆದ.

ಮೇಷ್ಟ್ರು ಹಾಳೆ ನೋಡಿದರು. "ಬ್ಯಾಂಕಿಗೆ ಮೂರು ಸಾವಿರ ಕಟ್ಟಿದ್ದು ಯಾರಪ್ಪಾ? ನಿಮ್ಮ ಮಾವನಾ?"

ನನಗೂ ಬ್ಯಾಂಕಿಗೂ ಅಂಥ ಸಂಬಂಧವಿಲ್ಲ ಎಂದು ಹೇಳಬೇಕಾಯಿತು.

"ರೀವ್ಯಾಲ್ಯುಯೇಷನ್‌ನಲ್ಲಿ ಲಾಭ ಎಷ್ಟು ಅಂತ ಯಾರೂ ಹೇಳಿರೋದಿಲ್ಲ. ಎರಡು ಕಡೆಯ ವ್ಯತ್ಯಾಸವೇ ಲಾಭ. ಅಲ್ಲಿ ಬ್ಯಾಲೆನ್ಸಿಂಗ್ ಫಿಗರ್ ಧಾರಾಳವಾಗಿ ಹಾಕು. ಇಲ್ಲಿ ಎಲ್ಲ ಅಂಕಿಗೂ ಹಿಂದೆ ಒಂದೊಂದು ಖಾತೆ ಇದೆ. ಇಲ್ಲಿ ಹಾಕಿದರೆ ಅದು ಕಳ್ಳತನ."

ಆಮೇಲೆ ಅವರು ಮಾಡಿದ್ದು ನೋಡುವಂತಿತ್ತು. ವ್ಯತ್ಯಾಸ 3,000. ಅದನ್ನು ಅರ್ಧ ಮಾಡಿದರು: 1,500. ಲೆಕ್ಕದಲ್ಲಿ ಆ ಮೊತ್ತ ಎಲ್ಲಿದೆಯೆಂದು ಪೆನ್ಸಿಲ್ ತುದಿಯಿಂದ ಹುಡುಕಿದರು. ಒಂದು ಮೊತ್ತ ತಪ್ಪು ಪಕ್ಕಕ್ಕೆ ಹೋದರೆ ವ್ಯತ್ಯಾಸ ಅದರ ಎರಡರಷ್ಟಾಗುತ್ತದಂತೆ. ನಿಜವೇ, ಹುಡುಗ ಆ 1,500ವನ್ನು ಬಾಕಿಯಿಂದ ಸರಿಯಾಗಿ ಕಳೆದು 28,500 ಬರೆದಿದ್ದ, ರೀವ್ಯಾಲ್ಯುಯೇಷನ್ ಖಾತೆಯಲ್ಲಿ ಮಾತ್ರ ಡೆಬಿಟ್ ಬದಲು ಕ್ರೆಡಿಟ್ಟಿಗೆ ಹಾಕಿದ್ದ. 2,500 ಆಗಬೇಕಾದ ಲಾಭ 5,500 ಆಗಿ, ಎ, ಬಿ ಇಬ್ಬರೂ ಪುಕ್ಕಟೆ ಸಾಹುಕಾರರಾಗಿದ್ದರು. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಅಂಕಿ ಅದಲುಬದಲಾಗಿರಬಹುದು ಎಂಬುದು ಅವರ ಇನ್ನೊಂದು ಮಂತ್ರ. 73,500ವನ್ನು 75,300 ಎಂದು ಇಳಿಸಿಕೊಂಡರೆ 1,800 ಹೆಚ್ಚಾಗುತ್ತದೆ, ಭಾಗಿಸಿ ನೋಡಿ.

ಬರೆಯುವ ಶೈಲಿಯ ವಿಷಯದಲ್ಲಿ ಅವರು ಅಸಹನೀಯರು. ಎರಡು ಪಕ್ಕದ ಮೊತ್ತಗಳು ಒಂದೇ ಸಾಲಿನಲ್ಲಿ ಎದುರುಬದುರು ಕೂರಬೇಕು. 30,000, ಅದರ ಕೆಳಗೆ ಕಳೆಯುವ 1,500 ಒಳ ಅಂಕಣದಲ್ಲಿ. ಉಳಿದ 28,500 ಹೊರ ಅಂಕಣದಲ್ಲಿ. ಬ್ಯಾಲೆನ್ಸ್ ಶೀಟಿನ ತಲೆಯ ಮೇಲೆ ಇಂಥ ದಿನದಂದು ಎಂದಿರಬೇಕು, ವರ್ಷಕ್ಕೆ ಎಂದರೆ ಮುಖ ಸಿಂಡರಿಸುತ್ತಾರೆ. ನಾನು ಅದನ್ನೆಲ್ಲ ಮಡಿ ಎಂದು ಗೊಣಗಿದ್ದೆ. ಆದರೆ ಒಳ ಅಂಕಣ ಇದ್ದುದರಿಂದಲೇ ಆ 1,500 ಕಣ್ಣಿಗೆ ಬಿತ್ತು. ಬರೀ 28,500 ಬರೆದಿದ್ದರೆ ಯಾರು ಹುಡುಕುತ್ತಿದ್ದರು?

ಈಗ ಅವರ ಹಳೇ ಶಿಷ್ಯರೆಲ್ಲ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುತ್ತಾರೆ. ಡೆಬಿಟ್ ಕ್ರೆಡಿಟ್ ಸಮವಾಗದಿದ್ದರೆ ಯಂತ್ರ ಒಪ್ಪುವುದೇ ಇಲ್ಲ. ಒಬ್ಬ ಶಿಷ್ಯ ಬಂದು ಇದನ್ನೇ ಹೆಮ್ಮೆಯಿಂದ ಹೇಳಿದಾಗ ಮೇಷ್ಟ್ರು ಸ್ಕೇಲನ್ನು ಸುಮ್ಮನೆ ತಿರುವುತ್ತ ಕೂತರು. ನನಗೆ ಕನಿಕರವೆನಿಸಿತು. ಕನಿಕರ ಹೆಚ್ಚು ಹೊತ್ತು ಬಾಳಲಿಲ್ಲ.

"ಗುಡ್‌ವಿಲ್ ಹತ್ತು ಸಾವಿರ ಐದೈದು ಹಂಚಿದರೆ ನಿನ್ನ ಯಂತ್ರ ಏನನ್ನುತ್ತೆ?"

"ಒಪ್ಪುತ್ತೆ ಸಾರ್."

"ಟ್ಯಾಲಿ ಆಗುತ್ತಾ?"

"ಆಗುತ್ತೆ ಸಾರ್."

ಸಿ ಪಾಲು ಪಡೆದದ್ದು ಎ, ಬಿ ಇಬ್ಬರಿಂದ 3:2ರಲ್ಲಿ. ಹಾಗಾಗಿ ಗುಡ್‌ವಿಲ್ಲೂ 6,000, 4,000 ಎಂದೇ ಹಂಚಬೇಕು. ಐದೈದು ಹಂಚಿದರೂ ಒಟ್ಟು ಅದೇ 1,92,500. ಜೋಡಿ ಗೆರೆಯೂ ಅಷ್ಟೇ ನೇರ. ಎ ಮಾತ್ರ ಒಂದು ಸಾವಿರ ಕಳೆದುಕೊಂಡಿರುತ್ತಾನೆ.

ನಿಮ್ಮ ಬೀದಿಯಲ್ಲೂ ಇಂಥವರಿದ್ದರೆ ಪಿಯುಸಿ ಮಕ್ಕಳನ್ನು ಖಂಡಿತ ಕಳಿಸಿ. ಆದರೆ ತಿಂಗಳ ಕೊನೆಗೆ ಹೊಂದದ ದುಡ್ಡನ್ನೆಲ್ಲ "ಇತರೆ" ಎಂದು ಬರೆದು ಗೆರೆ ಎಳೆಯುವ ನನ್ನಂಥವರು ಮನೆಖರ್ಚಿನ ಪುಸ್ತಕವನ್ನು ಅವರ ಕೈಗೆ ಸಿಗುವ ಕಡೆ ಇಡಬೇಡಿ.