ಒಂದು ಡೊಖ್ ಹೆಚ್ಚಾಯಿತು

ಬೆಳಗಾವಿಯಲ್ಲಿ ಕೆಲಸ ಮಾಡುವ ನನ್ನ ಅಳಿಯನ ಕಾರ್ಖಾನೆಗೆ ಜರ್ಮನಿಯಿಂದ ಗಿರಾಕಿಯೊಬ್ಬರು ಬರುತ್ತಾರೆ, ಹೆಂಡತಿಯನ್ನೂ ಕರೆತರುತ್ತಾರೆ, ಎರಡು ದಿನ ಜಾಂಬೋಟಿಯ ನಮ್ಮ ಮನೆಯಲ್ಲಿದ್ದು ಕಾಡು, ಮಳೆ ನೋಡುತ್ತಾರೆ ಎಂದು ಗೊತ್ತಾದಾಗ ಎಲ್ಲರೂ ನನ್ನ ಮುಖ ನೋಡಿದರು. ಏಕೆಂದರೆ ನಾನು ನಿವೃತ್ತಿಯ ಬೇಸರ ಕಳೆಯಲು ಜರ್ಮನ್ ಕಲಿಯುತ್ತಿದ್ದೆ. ರೆವರೆಂಡ್ ಕಿಟೆಲ್ ಜರ್ಮನಿಯಿಂದ ಬಂದು ಕನ್ನಡ ಕಲಿತು 1894ರಲ್ಲಿ ದೊಡ್ಡ ನಿಘಂಟನ್ನೇ ಕೊಟ್ಟರು. ಆ ಸಾಲವನ್ನು ತೀರಿಸುವವನು ನಾನೇ ಎಂಬ ಗತ್ತು ನನಗಿತ್ತು.

ನಮ್ಮ ಮೇಷ್ಟ್ರು ಒಂದು ಗುಟ್ಟು ಹೇಳಿಕೊಟ್ಟಿದ್ದರು. ಡೊಖ್, ಮಾಲ್, ಏಬನ್, ಯಾ ಎಂಬ ಪುಟ್ಟ ಪದಗಳು ವಾಕ್ಯದ ನಡುವೆ ಒತ್ತಿಲ್ಲದೆ ನುಸುಳಿಕೊಳ್ಳುತ್ತವೆ. ಅವು ಇಲ್ಲದಿದ್ದರೂ ವಾಕ್ಯದ ಸುದ್ದಿ ಬದಲಾಗುವುದಿಲ್ಲ, ಧಾಟಿ ಮಾತ್ರ ಬದಲಾಗುತ್ತದೆ. 'ಸೆಟ್ಸನ್ ಜೀ ಜಿಶ್' ಅಂದರೆ ಕೂತುಕೊಳ್ಳಿ ಎಂಬ ಅಪ್ಪಣೆ. ಕೊನೆಗೆ ಡೊಖ್ ಸೇರಿಸಿದರೆ 'ಕೂತ್ಕೊಳ್ರಲಾ, ಯಾಕ್ ನಿಂತೀರಿ' ಎಂಬ ಆದರ. ಇಷ್ಟು ತಿಳಿದದ್ದೇ ತಡ, ಒಗ್ಗರಣೆಗೆ ಸಾಸಿವೆ ಹಾಕಿದಂತೆ ಎಲ್ಲ ವಾಕ್ಯಕ್ಕೂ ಒಂದೊಂದು ಹಾಕಲು ನಿರ್ಧರಿಸಿದೆ.

ಅತಿಥಿಗಳು ಕೂತರು. ಮಳೆ ಹೊಯ್ಯುತ್ತಿತ್ತು. ಹಬ್ಬನಹಟ್ಟಿ ಮಾರುತಿ ಗುಡಿಯ ಹತ್ತಿರ ಹರಿಯುವ ನದಿ ಎಲ್ಲಿ ಹುಟ್ಟುತ್ತದೆ ಎಂದು ಅವರು ಕೇಳಿದರು. 'ಮಲಪ್ರಭೆ ಹುಟ್ಟೋದು ಕಣಕುಂಬಿಯಲ್ಲಿ' ಎಂದು ಹೇಳಿ, ಮಾತು ಬೋಳಾಗಬಾರದೆಂದು 'ಡಸ್ ವಿಸ್ಸನ್ ಜೀ ಡೊಖ್' ಎಂದು ಸೇರಿಸಿದೆ. ನಿಮಗೆ ಗೊತ್ತೇ ಇದೆಯಲ್ಲ ಎಂಬ ಸಲಿಗೆ ನನ್ನ ಮನಸ್ಸಿನಲ್ಲಿ. ಅವರ ಮುಖ ಕೆಂಪಾಯಿತು. ಓದಿಕೊಂಡು ಬರಬೇಕಿತ್ತು, ಕ್ಷಮಿಸಿ ಎಂದರು.

ಶಾಲೆಯಲ್ಲಿ ಪಾಠ ಹೇಳುವ ಅವರ ಹೆಂಡತಿಯೇ ನನಗೆ ಬಿಡಿಸಿ ಹೇಳಿದರು. ಇಬ್ಬರಿಗೂ ಗೊತ್ತಿರುವ ಸಂಗತಿಯನ್ನು ಸುಮ್ಮನೆ ನೆನೆಯುವಾಗ ಯಾ. ಗೊತ್ತಿದ್ದೂ ಎದುರಿನವರು ಮರೆತಿದ್ದಾರೆ, ಅಥವಾ ಒಪ್ಪುತ್ತಿಲ್ಲ ಅನ್ನಿಸಿದಾಗ ಡೊಖ್. ನಮ್ಮ 'ಗೊತ್ತೈತಲ್ಲ' ಎರಡೂ ಕೆಲಸ ಮಾಡುತ್ತದೆ. ಮೆಲ್ಲಗೆ ಅಂದರೆ ಯಾ, ಹುಬ್ಬೇರಿಸಿ ಅಂದರೆ ಡೊಖ್. ಪಾಪ, ನಿಜವಾಗಿ ಗೊತ್ತಿಲ್ಲದೆ ಕೇಳಿದವರಿಗೆ ಎರಡೂ ಸಲ್ಲ. ಬೋಳು ವಾಕ್ಯವೇ ಮರ್ಯಾದೆ.

ಪಾಠ ಕೇಳುತ್ತಿರುವಾಗಲೇ ಎರಚಲು ಒಳಗೆ ಬಂತು. ಆಕೆ ಬಾಗಿಲು ಹಾಕುತ್ತೀರಾ ಎಂದು ಮಾಲ್ ಸೇರಿಸಿ ಕೇಳಿದರು. ಮಾಲ್ ಬಂದದ್ದು 'ಐನ್‌ಮಾಲ್'ನಿಂದ, ಅಂದರೆ ಒಮ್ಮೆ. ನಾನು ಒಮ್ಮೆ ಹಾಕಿದೆ. ಗಾಳಿಗೆ ಮತ್ತೆ ತೆರೆಯಿತು. ಕೇಳಿದ್ದು ಒಮ್ಮೆ, ಹಾಕಿದ್ದೂ ಒಮ್ಮೆ ಎಂದು ಸುಮ್ಮನೆ ಕೂತೆ. ಅವರ ಕಾಲು ತೊಯ್ದ ಮೇಲೆ ಹೊಳೆಯಿತು: 'ಒಂಚೂರು ಬಾಗ್ಲಾ ಹಾಕ್ರಿ' ಅಂದರೆ ನಾವೇನು ಅರ್ಧ ಹಾಕುತ್ತೇವೆಯೇ? ಕೇಳಿಕೆಯ ಭಾರ ಇಳಿಸಲು ಬಂದ ಮಾಲ್‌ಗೆ ಲೆಕ್ಕದ ಹಂಗಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಆಜಿ ಹಪ್ಪಳ ಹಿಡಿದು ಬಂದರು. ಅವರಿಗೆ ಮರಾಠಿ ಬಿಟ್ಟರೆ ಬೇರೆ ಬಾರದು. 'ಘ್ಯಾ ಕೀ!' ಅಂದರು. ಆ ಕೀ ಇದೆಯಲ್ಲ, ಅದು ಅಪ್ಪಟ ಡೊಖ್. ಅತಿಥಿಗಳು ಒಂದಲ್ಲ, ಎರಡೆರಡು ತೆಗೆದುಕೊಂಡರು. ನನ್ನ ಒಂದು ವರ್ಷದ ಫೀಸು ನೆನಪಾಯಿತು.

ಊಟಕ್ಕೆ ನನ್ನಾಕೆಯ ಎಣ್ಣೆಗಾಯಿ. ಆತ ಕಣ್ಣಲ್ಲಿ ನೀರು ಹಾಕಿಕೊಂಡೇ ಚೆನ್ನಾಗಿದೆ ಎಂದರು. ನನ್ನ ಹೆಂಡತಿಯ ಕೈಗುಣವೇ ಹಾಗೆ ಎಂದು ಬೀಗಬೇಕೆನಿಸಿತು. 'ಮೈನೆ ಫ್ರಾವ್ ಕೊಖ್ಟ್ ಏಬನ್ ಜೋ' ಅಂದೆ. ಇಬ್ಬರೂ ತಟ್ಟೆ ನೋಡಿದರು. ಏಬನ್ ಬಂದರೆ ಅಲ್ಲಿ ಹೆಮ್ಮೆ ಇರುವುದಿಲ್ಲ, ಕೈಚೆಲ್ಲುವಿಕೆ ಇರುತ್ತದೆ. ನಾನು ಹೇಳಿದ್ದು, 'ಅಕಿ ಅಡಗೀನ ಹಂಗ, ಏನ್ ಮಾಡೋದು ಬಿಡ್ರಿ.'

"ಏನಂದ್ರಿ ಅವರಿಗೆ?" ಎಂದಳು ನನ್ನಾಕೆ.

"ಹೊಗಳಿದೆ."

"ಹೊಗಳಿದ್ರ ಅವರು ಯಾಕ ನನ್ನ ಕಡೆ ಹಂಗ ಮರುಕದಿಂದ ನೋಡಾಕತ್ತಾರ?"

ಹೊರಡುವ ದಿನ ಡೊಖ್, ಏಬನ್ ಎರಡಕ್ಕೂ ಹೆದರಿ, ಉಳಿದದ್ದರಲ್ಲಿ ಸಾಧು ಎನಿಸಿದ ಯಾ ಹಿಡಿದೆ. ಪ್ರೀತಿ ಎದ್ದು ಕಾಣಲೆಂದು ಅದರ ಮೇಲೆಯೇ ಒತ್ತು ಹಾಕಿ 'ಕೊಮ್ಮನ್ ಜೀ ಯಾ ವೀಡರ್' ಅಂದೆ. ಅಪ್ಪಣೆಯ ವಾಕ್ಯದಲ್ಲಿ ಒತ್ತಿ ಹೇಳಿದ ಯಾ ಎಚ್ಚರಿಕೆಯಂತೆ! ಮತ್ತೆ ಬರದೇ ಇದ್ದೀರಿ, ಜೋಕೆ ಎಂದಂತೆ. ನನಗೆ ಬೇಕಿದ್ದದ್ದು 'ಕೊಮ್ಮನ್ ಜೀ ಡೊಖ್ ಮಾಲ್ ವೀಡರ್', ಯಾವಾಗಲಾದರೂ ಬರ್ರಲಾ ಎಂಬ ಮಾತು. ಆತ ಸಿಪಾಯಿಯಂತೆ ನೆಟ್ಟಗೆ ನಿಂತು 'ಯಾವೋಲ್' ಅಂದು ಕಾರು ಹತ್ತಿದರು.

ಡಿಸೆಂಬರಿನಲ್ಲಿ ಅವರ ಸಂದೇಶ ಬಂತು: 'ವೀರ್ ಕೊಮ್ಮನ್ ಯಾ ಶೋನ್!' ಮೇಷ್ಟ್ರಿಗೆ ತೋರಿಸಿದೆ. ತಾಯಿ ಕೂಗಿ ಕೂಗಿ ಸಾಕಾದಾಗ ಮಕ್ಕಳು ಒಳಗಿನಿಂದ ಹೇಳುವ ಮಾತಂತೆ ಅದು, 'ಬಂದ್ವೀ, ತಡೀರಲಾ!' ನನ್ನಾಕೆ ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಬರುವುದು ಯಾವತ್ತು, ಬದನೆಕಾಯಿ ಎಷ್ಟು ತರಿಸಲಿ ಎಂದು ಕೇಳಿ, ಆಜಿಯನ್ನು ಕರೆಯಲು ಹೋದಳು.