ವಿಶೇಷ ದರ್ಶನದ ಬಟನ್

ನಮ್ಮ ಭಾವಮೈದನಿಗೆ ಕಾಯುವುದೆಂದರೆ ಆಗದು. ಮನೆ ಯಲಹಂಕ ನ್ಯೂ ಟೌನಿನಲ್ಲಿ, ಕೆಲಸ ಮಾನ್ಯತಾ ಟೆಕ್ ಪಾರ್ಕಿನಲ್ಲಿ, ನಡುವೆ ಹೆಬ್ಬಾಳ. ಇಂಥವನಿಗೆ ದೇವರು ತಾಳ್ಮೆ ಕೊಡಬೇಕಿತ್ತು, ಅನ್‌ಲಿಮಿಟೆಡ್ ಡೇಟಾ ಕೊಟ್ಟ. ಹೆಬ್ಬಾಳದಲ್ಲಿ ಕ್ಯಾಬ್ ನಿಂತ ಕೂಡಲೇ ಇವನ ಹೆಬ್ಬೆರಳು ಓಡಲು ಶುರು. ಯಾರೋ ಟೆಲಿಗ್ರಾಂನಲ್ಲಿ ಕಳಿಸಿದ ಲಿಂಕು, ಅದರೊಳಗೆ ಸ್ಲಾಟ್ ಆಟ, ಆಟದೊಳಗೆ ಮಿನುಗುವ ಒಂದು ಬಟನ್: ಬೋನಸ್ ಬೈ.

"ಭಾವ, ಇದು ಜೂಜಲ್ಲ, ಟೈಮ್ ಸೇವಿಂಗು" ಎಂದು ಆರ್.ಟಿ. ನಗರದ ನಮ್ಮನೆಯ ಸೋಫಾದಲ್ಲಿ ಕೂತು ನನಗೆ ಪಾಠ ಮಾಡಿದ. "ಹತ್ತು ರೂಪಾಯಿ ಸ್ಪಿನ್ ಆಡ್ತಾ ಕೂತರೆ ಮೂರು ನಾಲ್ಕು ಸ್ಕ್ಯಾಟರ್ ಒಟ್ಟಿಗೆ ಬಿದ್ದು ಫ್ರೀ ಸ್ಪಿನ್ ಸಿಗೋದು ಯಾವಾಗಲೋ. ಸಾವಿರ ಕೊಟ್ಟರೆ ಈಗಲೇ ಒಳಗೆ!" ಧರ್ಮದರ್ಶನದ ಸಾಲು ಬಿಟ್ಟು ವಿಶೇಷ ದರ್ಶನದ ಚೀಟಿ ಕೊಂಡ ಹಾಗೆ ಅಂತ ನನಗೂ ಅನ್ನಿಸಿತು. ಪಕ್ಕದಲ್ಲೇ ಕಾಫಿ ಕುಡಿಯುತ್ತಿದ್ದ ಚಿಕ್ಕಪ್ಪನಿಗೆ ಹಾಗನ್ನಿಸಲಿಲ್ಲ. ಅವರು ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ, ಈರುಳ್ಳಿ ಮಂಡಿಯಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಸಾವಿರ ಅಂದ ಕೂಡಲೇ ಅವರ ಕಿವಿ ನಿಮಿರುತ್ತದೆ.

"ಸಾವಿರಕ್ಕೆ ಎಷ್ಟು ವಾಪಸ್ಸು?" ಎಂದರು.

ಭಾವಮೈದ ಆಟದ ಮಾಹಿತಿ ಪುಟ ತೆರೆದ. ಆರ್‌ಟಿಪಿ 96.5%. ಅಂದರೆ ಎಷ್ಟೋ ಲಕ್ಷ ಸಲ ಆಡಿದಾಗ ಕಟ್ಟಿದ ನೂರು ರೂಪಾಯಿಗೆ ಸರಾಸರಿ 96 ರೂಪಾಯಿ 50 ಪೈಸೆ ವಾಪಸ್ಸು. ಬೋನಸ್ಸಿನ ಬೆಲೆ ಪಣದ ನೂರು ಪಟ್ಟು. ಹತ್ತು ರೂಪಾಯಿ ಪಣಕ್ಕೆ ಸಾವಿರ. ಬಹಳ ಆಟಗಳಲ್ಲಿ ಈ ನೂರು ಪಟ್ಟೇ ರೂಢಿ. "ಸೂಪರ್" ಎಂಬ ವಿಶೇಷಣ ಅಂಟಿಸಿಕೊಂಡ ಬೋನಸ್‌ಗಳಿಗೆ ಮುನ್ನೂರು, ಐನೂರು ಪಟ್ಟು ಕೇಳುವವರೂ ಇದ್ದಾರೆ.

"ಹಾಗಾದರೆ ಹತ್ತು ರೂಪಾಯಿ ಸ್ಪಿನ್ನಿಗೆ ಸರಾಸರಿ ನಷ್ಟ 35 ಪೈಸೆ. ಈ ಬಟನ್ ಒಂದು ಸಲ ಒತ್ತಿದರೆ 35 ರೂಪಾಯಿ. ನೂರು ಸ್ಪಿನ್ನಿನ ನಷ್ಟವನ್ನು ಒಂದೇ ಒತ್ತಿಗೆ ಮುಗಿಸಿದೆ. ಟೈಮ್ ಸೇವಿಂಗ್ ಅಂದೆಯಲ್ಲ, ಅದು ನಿಜ" ಎಂದರು ಚಿಕ್ಕಪ್ಪ.

ಭಾವಮೈದ ಸೋಲುವ ಪೈಕಿ ಅಲ್ಲ. "ಸಾವಿರಕ್ಕೆ ಮೂವತ್ತೈದು ತಾನೇ? ನೂರು ಸ್ಪಿನ್ ಆಡಿದರೂ ಅಷ್ಟೇ ಹೋಗೋದು. ವ್ಯತ್ಯಾಸ ಏನು ಬಂತು?"

ಒಳ್ಳೆಯ ಪ್ರಶ್ನೆ, ಒಪ್ಪಬೇಕು. ಚಿಕ್ಕಪ್ಪ ಮದುವೆಯ ಆಮಂತ್ರಣ ಪತ್ರಿಕೆಯೊಂದರ ಬೆನ್ನ ಮೇಲೆ ಪುಟ್ಟದೊಂದು ಆಟವನ್ನು ಕಟ್ಟಿದರು. ನಿಜವಾದ ಆಟಗಳಲ್ಲಿ ಫಲಗಳ ಬಗೆ ಸಾವಿರಾರು, ಆದರೆ ಸ್ವಭಾವ ಇದೇ. ಸಾವಿರ ರೂಪಾಯಿಯ ಬೋನಸ್ಸನ್ನು ಸಾವಿರ ಜನ ಕೊಂಡರು ಅನ್ನೋಣ. 700 ಜನಕ್ಕೆ ಬರುವುದು ತಲಾ 300 ರೂಪಾಯಿ. 250 ಜನಕ್ಕೆ 1,200. 45 ಜನಕ್ಕೆ 5,000. ಉಳಿದ ಐದು ಜನ ಪುಣ್ಯಾತ್ಮರಿಗೆ 46,000. ಎಲ್ಲ ಕೂಡಿಸಿ ಸಾವಿರದಿಂದ ಭಾಗಿಸಿ ನೋಡಿ: ಸರಿಯಾಗಿ 965. ಆರ್‌ಟಿಪಿಯಲ್ಲಿ ಒಂದು ಪೈಸೆಯ ಮೋಸವಿಲ್ಲ.

ಈಗ ಭಾವಮೈದನ ಒಂದು ಸಂಜೆ. ಹತ್ತು ಬೋನಸ್, ಹತ್ತು ಸಾವಿರ ರೂಪಾಯಿ. ಪುಸ್ತಕದ ಪ್ರಕಾರ ನಷ್ಟ 350. ಆದರೆ ಆ 46,000 ಹತ್ತು ಸಲದಲ್ಲಿ ಒಮ್ಮೆಯೂ ಬಾರದೇ ಹೋಗುವ ಸಂಜೆಗಳು ನೂರಕ್ಕೆ 95. ಆ 95 ಸಂಜೆಗಳ ಸರಾಸರಿ ನಷ್ಟ ಸುಮಾರು 2,600. ಇನ್ನೂ ಬಿಡಿಸಿ ನೋಡಿದರೆ, 46,000 ಇರಲಿ, 5,000 ಕೂಡ ಒಮ್ಮೆಯೂ ಬಾರದ ಸಂಜೆಗಳು ನೂರಕ್ಕೆ 60. ಅಂಥ ಸಂಜೆ ಸರಾಸರಿ 4,600 ರೂಪಾಯಿ ಕಳೆದುಕೊಂಡು ಮನೆಗೆ ಬರಬೇಕು. "350 ಯಾರು ಕಳೆದುಕೊಳ್ಳುತ್ತಾರೆ ಹಾಗಾದರೆ?" ಎಂದೆ. "ಯಾರೂ ಇಲ್ಲ. ಅದು ಲೆಕ್ಕದ ಪುಸ್ತಕದಲ್ಲಿ ಮಾತ್ರ ಇರೋ ಮನುಷ್ಯ" ಎಂದರು ಚಿಕ್ಕಪ್ಪ.

ನೂರು ಸ್ಪಿನ್ ಆಡುವವನ ಕತೆ ಬೇರೆ. ಸುಮಾರು 400 ಸ್ಪಿನ್ನಿಗೆ ಒಂದು ಬೋನಸ್ ಬೀಳುವ ಆಟ ಎಂದಿಟ್ಟುಕೊಂಡರೆ, ನೂರು ಸ್ಪಿನ್ನಿನಲ್ಲಿ ಅವನ ಪಾಲಿಗೆ ಬರುವುದು ಕಾಲು ಬೋನಸ್ ಮಾತ್ರ. ಅವನ 965ರಲ್ಲಿ ಸುಮಾರು 240 ರೂಪಾಯಿ ಬೋನಸ್ಸಿನಿಂದ ಬಂದದ್ದು. ಉಳಿದ 725 ಐದು, ಹದಿನೈದು, ನಲವತ್ತು ಎಂದು ದಾರಿಯುದ್ದಕ್ಕೂ ಉದುರುವ ಚಿಲ್ಲರೆ. ಬಟನ್ ಒತ್ತುವವನು ಆ ಚಿಲ್ಲರೆಯನ್ನೆಲ್ಲ ಬಿಟ್ಟುಕೊಟ್ಟು, ಆಟದಲ್ಲಿ ಅತಿ ಹೆಚ್ಚು ಹೊಯ್ದಾಡುವ ಭಾಗವನ್ನೇ ಕೊಳ್ಳುತ್ತಾನೆ. ಅದೇ ಸಾವಿರ ರೂಪಾಯಿಗೆ ನಾಲ್ಕು ಪಟ್ಟು ಬೋನಸ್, ಅದರಿಂದ ವೇರಿಯನ್ಸ್ ಕೂಡ ಹತ್ತಿರ ಹತ್ತಿರ ನಾಲ್ಕು ಪಟ್ಟು. ಕಣ್ಣಿಗೆ ಕಾಣುವ ಏರಿಳಿತ ಅದರ ವರ್ಗಮೂಲ, ಅಂದರೆ ಎರಡು ಪಟ್ಟು. ಸರಾಸರಿ ಮಾತ್ರ ಕದಲುವುದಿಲ್ಲ.

"ರೂಪಾಯಿ ಲೆಕ್ಕದಲ್ಲಿ ಕದಲಲ್ಲ. ಗಂಟೆ ಲೆಕ್ಕ ಹಾಕು" ಎಂದರು ಚಿಕ್ಕಪ್ಪ. ಮಂಡಿಯವರಿಗೆ ಗಂಟೆಯ ಲೆಕ್ಕವೇ ಲೆಕ್ಕ, ಈರುಳ್ಳಿ ಕಾಯುವುದಿಲ್ಲವಲ್ಲ. ಸ್ಪಿನ್ನಿಗೆ ನಾಲ್ಕು ಸೆಕೆಂಡ್ ಎಂದರೆ ಗಂಟೆಗೆ 900 ಸ್ಪಿನ್, ಒಂಬತ್ತು ಸಾವಿರ ರೂಪಾಯಿ ಪಣ, ಸರಾಸರಿ ನಷ್ಟ 315. ಒಂದು ಬೋನಸ್ಸಿಗೆ ಒಂದೂವರೆ ನಿಮಿಷ ಎಂದರೆ ಗಂಟೆಗೆ 40, ನಲವತ್ತು ಸಾವಿರ ಪಣ, ನಷ್ಟ 1,400. ಆರ್‌ಟಿಪಿ ಒಂದಿಂಚೂ ಬದಲಾಗದೆ ನಷ್ಟದ ವೇಗ ನಾಲ್ಕು ಪಟ್ಟು ಮೀರಿತು.

ಭಾವಮೈದನ ಬಳಿ ಕೊನೆಯ ಅಸ್ತ್ರವಿತ್ತು. ಕೆಲವು ಆಟಗಳಲ್ಲಿ ಕೊಂಡ ಬೋನಸ್ಸಿಗೆ ಆರ್‌ಟಿಪಿ ಹೆಚ್ಚು! ಇದು ನಿಜ. ರಿಲ್ಯಾಕ್ಸ್ ಗೇಮಿಂಗ್ ಕಂಪನಿಯ ಮನಿ ಟ್ರೇನ್ 2 ಆಟದಲ್ಲಿ ಸಾಮಾನ್ಯ ಸ್ಪಿನ್ನಿಗೆ 96.4%, ಕೊಂಡ ಬೋನಸ್ಸಿಗೆ 98%. ಅಂದರೆ ಸಾವಿರಕ್ಕೆ ನಷ್ಟ 20 ರೂಪಾಯಿ. ಗಂಟೆಗೆ 40 ಕೊಂಡರೆ 800. ಅದೇ ಆಟವನ್ನು ಹತ್ತರ ಸ್ಪಿನ್ನಿನಲ್ಲಿ ಆಡಿದರೆ 324. ರಿಯಾಯಿತಿ ಕೊಟ್ಟೂ ಹೆಚ್ಚು ದೋಚುವುದು ಚಿಕ್ಕಪೇಟೆಯ ಸೀರೆ ಅಂಗಡಿಯವರಿಗೂ ಬರದ ವಿದ್ಯೆ.

ಇನ್ನೊಂದು ಕಿತಾಪತಿ ಇದೆ. ಒಂದೇ ಹೆಸರು, ಒಂದೇ ಬಣ್ಣದ ಆಟವನ್ನು ತಯಾರಕರು ಬೇರೆ ಬೇರೆ ಆರ್‌ಟಿಪಿಯಲ್ಲಿ ಮಾರುತ್ತಾರೆ, ಯಾವುದು ಬೇಕೆಂದು ಆಡಿಸುವವನು ಆರಿಸಿಕೊಳ್ಳುತ್ತಾನೆ. ಯೂಟ್ಯೂಬಿನಲ್ಲಿ 96.5 ಕೇಳಿಕೊಂಡು ಬಂದವನ ಮುಂದೆ 94 ಓಡುತ್ತಿರಬಹುದು. ಆಗ ಪ್ರತಿ ಒತ್ತಿಗೆ 35 ಅಲ್ಲ, 60. ಟೆಲಿಗ್ರಾಂ ಲಿಂಕಿನೊಳಗಿನದು ಅಸಲಿ ಆಟವೋ ಅದರ ನಕಲೋ ಎಂದು ತಪಾಸಣೆ ಮಾಡುವವರಂತೂ ಯಾರೂ ಇಲ್ಲ.

ಬಿಗ್ ಟೈಮ್ ಗೇಮಿಂಗ್ ಕಂಪನಿಯ ವೈಟ್ ರ್‍ಯಾಬಿಟ್ ಆಟ 2017ರಲ್ಲಿ ಈ ಖರೀದಿಯ ಚಟವನ್ನು ಜನಪ್ರಿಯ ಮಾಡಿತು. ಜೂಜನ್ನು ಕಾನೂನುಬದ್ಧವಾಗಿಯೇ ನಡೆಸುವ ಬ್ರಿಟನ್ ಕೂಡ 2019ರಲ್ಲಿ ತನ್ನ ಆಟಗಳಿಂದ ಈ ಬಟನ್ ತೆಗೆಸಿತು, ಪಣವನ್ನು ಏರಿಸಲು ಆಮಿಷ ಒಡ್ಡುತ್ತದೆ ಎಂದು. ನಮ್ಮ ಕರ್ನಾಟಕದಲ್ಲಿ 2007ರಲ್ಲೇ ಲಾಟರಿ ನಿಂತಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು ದುಡ್ಡು ಪಣಕ್ಕಿಡುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸಿದೆ. ಆಡಿಸುವವನಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಆಡುವವನಿಗೆ ಶಿಕ್ಷೆ ಇಲ್ಲ, ಅವನು ಆಗಲೇ ಕಟ್ಟಿದ್ದಾನೆ. ಗೋವಾದ ಕ್ಯಾಸಿನೋಗೆ ಹೋಗಬೇಕಾದರೆ ಯಶವಂತಪುರದಲ್ಲಿ ವಾಸ್ಕೋ ರೈಲು ಹತ್ತಿ ಇಡೀ ರಾತ್ರಿ ಯೋಚಿಸಲು ಸಮಯ ಸಿಗುತ್ತದೆ. ಹೆಬ್ಬಾಳದಲ್ಲಿ ಸಿಗುವುದು ಸಿಗ್ನಲ್ ಬಿಡುವ ತನಕ.

ಭಾವಮೈದ, ಲಿಂಕ್ ಅಳಿಸಪ್ಪ. ಗೆದ್ದ ದುಡ್ಡು ವಾಪಸ್ ಕೊಡದೆ ಸತಾಯಿಸುತ್ತಿದ್ದರೆ ಸೈಬರ್ ಸಹಾಯವಾಣಿ 1930. ಅಳಿಸಿದರೂ ಬೆರಳು ಮತ್ತೆ ಅಲ್ಲಿಗೇ ಓಡುತ್ತಿದ್ದರೆ ಟೆಲಿ ಮನಸ್, 14416. ಅಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ, ಕರೆಗೆ ದುಡ್ಡಿಲ್ಲ.