ಕಿರಿಯ ಪತ್ತೇದಾರನ ನಾಮಕರಣ

ಕೋಲಾರ ಸೀಮೆಯಲ್ಲಿ ಕೊಲೆ ನಡೆಯುವ ಕಾದಂಬರಿಯೊಂದನ್ನು ಬರೆಯಹೊರಟ ಲೇಖಕನಿಗೆ ಕೊಲೆಗಾರನಿಗಿಂತ ಮೊದಲು ತೊಂದರೆ ಕೊಡುವವರು ಮುನಿಗಳು. ಮುನಿಯಪ್ಪ, ಮುನಿಸ್ವಾಮಿ, ಮುನಿರಾಜು, ಮುನಿವೆಂಕಟಪ್ಪ ಮುಂತಾದ ಹೆಸರುಗಳು ಆ ಭಾಗದಲ್ಲಿ ಎಷ್ಟು ಸಹಜವೆಂದರೆ, ಶ್ರೀನಿವಾಸಪುರದ ಮಾವಿನ ಮಂಡಿಯ ಯಜಮಾನನಿಗೆ ಒಂದನ್ನು, ಅವನ ಗುಮಾಸ್ತನಿಗೆ ಇನ್ನೊಂದನ್ನು, ಹೆಣವನ್ನು ಮಾಲೂರಿನ ಹೆಂಚಿನ ಕಾರ್ಖಾನೆಯವರೆಗೆ ಸಾಗಿಸಿದ ಲಾರಿ ಚಾಲಕನಿಗೆ ಮತ್ತೊಂದನ್ನು ಹಂಚಿದ ಮೇಲೂ ಮುಳಬಾಗಿಲು ಠಾಣೆಯ ಪೋಲೀಸನಿಗೆ ಒಂದು ಉಳಿದೇ ಇರುತ್ತದೆ. ವಾಸ್ತವಕ್ಕೆ ಇಷ್ಟು ನಿಷ್ಠನಾದ ಲೇಖಕನ ಕೃತಿಯಲ್ಲಿ ಕೊಲೆಗಾರ ಸಿಕ್ಕಿಬೀಳುವುದಿಲ್ಲ. ಓದುಗನೇ ಅವನನ್ನು ಗುಮಾಸ್ತನೆಂದು ತಿಳಿದು ಬಿಟ್ಟುಬಿಡುತ್ತಾನೆ.

ಇಲ್ಲಿ ಕಿರಿಯ ಪತ್ತೇದಾರನೆಂದರೆ ಮುಖ್ಯ ತನಿಖಾಧಿಕಾರಿಗೆ ಸುಳಿವೊಂದನ್ನು ಒಪ್ಪಿಸಿ ಮರೆಯಾಗಿ, ಬಹಳ ಪುಟಗಳ ನಂತರ ಏನೂ ಆಗಿಲ್ಲವೆಂಬಂತೆ ಮರಳಿ ಬರುವ ಪಾತ್ರ. ಅವನು 3ನೆಯ ಅಧ್ಯಾಯದಲ್ಲಿ ಬಂದು 11ರಲ್ಲಿ ಮರಳುತ್ತಾನೆಂದು ಇಟ್ಟುಕೊಂಡರೆ, ವಾರಪತ್ರಿಕೆಯ ಧಾರಾವಾಹಿಯಲ್ಲಿ ಆ ಅಂತರ ಎಂಟು ವಾರವಾಗುತ್ತದೆ. ವೇಗವಾಗಿ ಓದುವವನು ಹೆಸರನ್ನು ಪೂರ್ತಿ ಉಚ್ಚರಿಸಿಕೊಳ್ಳದೆ, ಅದರ ಮೊದಲ ಅಕ್ಷರವನ್ನೂ ಒಟ್ಟು ಉದ್ದವನ್ನೂ ಕಣ್ಣಿನಲ್ಲೇ ಅಳೆದು ಮುಂದೆ ಸಾಗುವುದರಿಂದ, ಎಲ್ಲರೂ ‘ಮು’ದಿಂದ ಆರಂಭವಾಗಿ ‘ಅಪ್ಪ’ದಲ್ಲಿ ಮುಗಿದರೆ ಆ ಅಳತೆಗೆ ಏನೂ ದಕ್ಕುವುದಿಲ್ಲ, ಅದರ ಮೇಲೆ ಗೌರವದ ‘ನವರು’ ಮತ್ತು ವಿಭಕ್ತಿಯ ಬಾಲ ಸೇರಿ ‘ಮುನಿವೆಂಕಟಪ್ಪನವರಿಂದ’ ಎಂದಾದಾಗ ಮನುಷ್ಯನಿಗಿಂತ ಅವನ ಪ್ರತ್ಯಯವೇ ಹೆಚ್ಚು ಜಾಗ ಹಿಡಿಯುತ್ತದೆ.

ಈ ಸಮಸ್ಯೆಯನ್ನು ಆ ಜಿಲ್ಲೆಯ ಮತದಾರರು ಕಾದಂಬರಿಕಾರರಿಗಿಂತ ಮೊದಲೇ ಬಿಡಿಸಿಕೊಂಡಿದ್ದಾರೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಕೋಲಾರದಿಂದಲೂ ಮುಳಬಾಗಿಲಿನಿಂದಲೂ ಗೆದ್ದವರು ಮಂಜುನಾಥರೇ ಆದರೂ, ಒಬ್ಬರು ಕೊತ್ತೂರು ಮಂಜುನಾಥ್, ಇನ್ನೊಬ್ಬರು ಸಮೃದ್ಧಿ ಮಂಜುನಾಥ್ ಎಂದು ಜನರು ಮುಂದಿನ ಪದದಲ್ಲೇ ಭೇದವನ್ನು ತೀರಿಸಿಕೊಂಡರು. ಹೆಸರಿನ ಮುಂದೆ ಕೂತು ಅದನ್ನು ಬೇರ್ಪಡಿಸುವ ಇಂಥ ಪದವನ್ನು ಗುರುತುಪದವೆನ್ನಬಹುದು. ಇನಿಷಿಯಲ್ಲಿಗೆ ಈ ಕೆಲಸ ಸಾಗದು. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ.ಜಿ.ಯವರ ‘ಡಿ’ ದೇವನಹಳ್ಳಿಯನ್ನು ಸೂಚಿಸುತ್ತದೆ. ಇನಿಷಿಯಲ್ಲನ್ನು ನಂಬಿ ತನಿಖೆಗಿಳಿದ ಪೋಲೀಸನು ಬೇರೆ ತಾಲ್ಲೂಕಿನ ಬಸ್ಸು ಹತ್ತಿಬಿಡುತ್ತಾನೆ.

ಅದೇ 1887ರಲ್ಲಿ ಪ್ರಕಟವಾದ ಷರ್ಲಾಕ್ ಹೋಮ್ಸ್‌ನ ಮೊದಲ ಕಾದಂಬರಿಯಲ್ಲಿ ಗ್ರೆಗ್ಸನ್ ಮತ್ತು ಲೆಸ್ಟ್ರೇಡ್ ಎಂಬ ಇಬ್ಬರು ಪೋಲೀಸರಿದ್ದಾರೆ. ಕಾನನ್ ಡಾಯ್ಲ್ ಮೊದಲನೆಯವನಿಗೆ ಟೋಬಿಯಾಸ್ ಎಂಬ ಸ್ವಂತ ಹೆಸರನ್ನೂ ಕೊಟ್ಟ. ಎರಡನೆಯವನಿಗೆ ಮುಂದೆ ಒಂದು ಕಥೆಯಲ್ಲಿ ‘ಜಿ’ ಎಂಬ ಅಕ್ಷರವನ್ನಷ್ಟೇ ದಯಪಾಲಿಸಿದ. ಆದರೂ ಜನರ ನೆನಪಿನಲ್ಲಿ ನಿಂತವನು ಲೆಸ್ಟ್ರೇಡನೇ, ಏಕೆಂದರೆ ಇಂಗ್ಲಿಷ್ ಹೆಸರುಗಳ ನಡುವೆ ಫ್ರೆಂಚ್ ಛಾಯೆಯ ಆ ಹೆಸರು ಬೇರೆಯಾಗಿ ಕೇಳಿಸಿತು, ಅವನು ಮತ್ತೆ ಮತ್ತೆ ಬಂದ, ಬಂದಾಗಲೆಲ್ಲ ಅದೇ ಹೆಸರಿನಲ್ಲಿ ಬಂದ. ಎನ್. ನರಸಿಂಹಯ್ಯನವರು ಕನ್ನಡದಲ್ಲಿ ‘ಪತ್ತೇದಾರ ಪುರುಷೋತ್ತಮ’ ಎಂದು ವೃತ್ತಿಗೂ ಹೆಸರಿಗೂ ಒಂದೇ ಪಕಾರವನ್ನು ಹೊಂದಿಸಿದ್ದು ನಾಯಕನಿಗೆ ತಕ್ಕ ವೈಭವ. ಕಿರಿಯವನಿಗೆ ಅಷ್ಟು ಖರ್ಚು ಮಾಡುವಂತಿಲ್ಲ.

ಹಾಗಾದರೆ ಮುಳಬಾಗಿಲಿನ ಪೋಲೀಸನಿಗೆ ಏನೆಂದು ಹೆಸರಿಡಬೇಕು? ತಾಲ್ಲೂಕಿನ ಕುರುಡುಮಲೆಯನ್ನು ಗುರುತುಪದ ಮಾಡಿದರೆ, ಕುರುಡುಮಲೆ ಪತ್ತೇದಾರನೆಂಬ ನಗೆ ಮೊದಲ ಸಲ ಮಾತ್ರ ಚೆನ್ನಾಗಿದ್ದು, 19ನೆಯ ಅಧ್ಯಾಯದಲ್ಲಿ ಅವನು ರಕ್ತದ ಕಲೆಯನ್ನು ಕಂಡುಹಿಡಿದಾಗ ಯಾರೂ ಅವನನ್ನು ನಂಬುವುದಿಲ್ಲ. ಅದಕ್ಕಿಂತ ಆವಣಿ ಚೌಡಪ್ಪ ಮೇಲು. ಕೃತಿಯ ಬೇರೆ ಯಾವ ಹೆಸರೂ ‘ಆ’ ಅಥವಾ ‘ಚೌ’ದಿಂದ ಆರಂಭವಾಗುವುದಿಲ್ಲ. ಆದರೆ ಉಳಿತಾಯಕ್ಕೆಂದು ಅವನನ್ನು ಬರಿಯ ಆವಣಿ ಎಂದು ಕರೆದ ಲೇಖಕನು ಚತುರ್ಥಿ ವಿಭಕ್ತಿಯಲ್ಲಿ ಮುಗ್ಗರಿಸುತ್ತಾನೆ: ‘ಇನ್‌ಸ್ಪೆಕ್ಟರು ಆವಣಿಗೆ ಫೋನ್ ಮಾಡಿದರು’ ಎಂದಾಗ ಫೋನು ಮನುಷ್ಯನಿಗೆ ಹೋಯಿತೋ ದೇವಸ್ಥಾನಗಳಿರುವ ಊರಿಗೆ ಹೋಯಿತೋ ತಿಳಿಯುವುದಿಲ್ಲ. ಆದ್ದರಿಂದ ನಿರೂಪಣೆಯಲ್ಲಿ ಸದಾ ಚೌಡಪ್ಪನೆಂದೇ ಬರೆದು, ದೀರ್ಘಕಾಲ ಮರೆಯಾಗಿದ್ದು ಮರಳಿದಾಗ ಮಾತ್ರ ‘ಆವಣಿ’ಯನ್ನು ಮುಂದಿಟ್ಟು, ಜೊತೆಗೆ 3ನೆಯ ಅಧ್ಯಾಯದಲ್ಲಿ ಅವನು ಮಾಡಿದ್ದ ಕೆಲಸವನ್ನು ಒಂದು ವಾಕ್ಯಾಂಗದಲ್ಲಿ ನೆನಪಿಸುವುದು ಕ್ಷೇಮ: ‘ಮಂಡಿಯ ತಕ್ಕಡಿಯಲ್ಲಿ ಕೂದಲೆಳೆ ಕಂಡಿದ್ದ ಆವಣಿ ಚೌಡಪ್ಪ’. ಕಾನ್‌ಸ್ಟೇಬಲ್ಲನಿಗೆ ಅವನು ‘ಸಾರ್’, ತಾಯಿಗೆ ‘ಚೌಡಿ’, ಹೆಂಡತಿಗೆ ‘ಏನೂಂದ್ರೆ’ ಆಗುವುದು ಸಹಜವೇ ಆದರೂ, ಈ ಮೂರೂ ಒಂದೇ ಪುಟದಲ್ಲಿ ಬಂದರೆ ಓದುಗನು ಠಾಣೆಗೆ ಹೊಸದಾಗಿ ಮೂವರ ನೇಮಕಾತಿಯಾಯಿತೆಂದು ಭಾವಿಸುತ್ತಾನೆ.

ಪರೀಕ್ಷೆ ಸುಲಭವಾದದ್ದು: ಹಸ್ತಪ್ರತಿಯನ್ನು ಮೊದಲ ಸಲ ಓದುತ್ತಿರುವವರು 11ನೆಯ ಅಧ್ಯಾಯಕ್ಕೆ ಬಂದಾಗ ಚೌಡಪ್ಪ ಯಾರೆಂದು ಕೇಳಬೇಕು. ಅವರು ಹಿಂದಿನ ಪುಟಗಳನ್ನು ತಿರುವಿದರೆ ಹೆಸರು ಸಾಲದು; ‘ತಕ್ಕಡಿಯವನು’ ಎಂದರೆ ಸಾಕು; ‘ಅವನೇ ಕೊಲೆಗಾರನಲ್ಲವೇ’ ಎಂದರೆ ಗುರುತು ಅತಿಯಾಗಿದೆ, ಆಗ ತಕ್ಕಡಿಯನ್ನು ಒಂದೆರಡು ಕಡೆ ಕೈಬಿಡಬೇಕಾಗುತ್ತದೆ.